ಅಂಗಡಿ ಆನ್‌ಲೈನ್, ತೆರಿಗೆ ಯಾವ ನೆಲದಲ್ಲಿ?

ಜಪಾನಿನ ಒಬ್ಬ ವ್ಯಾಪಾರಿ ಕಾರಿನ ಬಿಡಿಭಾಗಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದರು. ಮಾಲು ಬರುತ್ತಿದ್ದುದು ಅಮೆರಿಕದಿಂದ, ಕೊಳ್ಳುವವರು ಜಪಾನಿನವರು. 2004ರಲ್ಲಿ ಅವರು ಸಂಸಾರ ಸಮೇತ ಅಮೆರಿಕಕ್ಕೆ ಹೋಗಿ ನೆಲೆಸಿದರು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ವೆಬ್‌ಸೈಟ್ ನೋಡಿಕೊಳ್ಳುವುದು, ಬೆಲೆ ನಿಗದಿ ಮಾಡುವುದು, ಮಾಲು ಖರೀದಿಸುವುದು ಎಲ್ಲವನ್ನೂ ಅಲ್ಲಿಂದಲೇ ಮಾಡುತ್ತಿದ್ದರು. ಜಪಾನಿನಲ್ಲಿ ಅವರಿಗೆ ಉಳಿದಿದ್ದು ಬಾಡಿಗೆಯ ಒಂದು ಅಪಾರ್ಟ್‌ಮೆಂಟ್, ಒಂದು ಗೋದಾಮು ಮತ್ತು ಅಲ್ಲಿ ಕೆಲಸ ಮಾಡುವ ಕೆಲವರು. ಬಂದ ಪೆಟ್ಟಿಗೆಗಳನ್ನು ಆ ಕೆಲಸಗಾರರು ಬಿಚ್ಚುತ್ತಿದ್ದರು, ಜಪಾನಿ ಭಾಷೆಯ ಬಳಕೆ ಸೂಚನೆಯನ್ನು ಒಳಗಿಟ್ಟು ಮತ್ತೆ ಕಟ್ಟುತ್ತಿದ್ದರು, ಕೊರಿಯರ್‌ಗೆ ಒಪ್ಪಿಸುತ್ತಿದ್ದರು. ವಾಪಸು ಬಂದ ಮಾಲನ್ನು ತೆಗೆದುಕೊಳ್ಳುವ ಕೆಲಸವೂ ಅವರದೇ.

ಜಪಾನಿನ ತೆರಿಗೆ ಇಲಾಖೆ, ಈ ವ್ಯಾಪಾರದ ಲಾಭಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು ಎಂದಿತು. ನಾನು ಅಮೆರಿಕದ ನಿವಾಸಿ, ಜಪಾನಿನಲ್ಲಿ ನನಗೆ ಅಂಗಡಿಯೂ ಇಲ್ಲ, ಕಚೇರಿಯೂ ಇಲ್ಲ, ಇರುವುದು ಸರಕು ಇಡುವ ಜಾಗ ಮಾತ್ರ ಎಂದು ಅವರು ವಾದಿಸಿದರು. ಅವರ ವಾದಕ್ಕೆ ಆಧಾರವೂ ಇತ್ತು. ಸರಕನ್ನು ಇಡಲು ಮತ್ತು ತಲುಪಿಸಲು ಮಾತ್ರ ಬಳಸುವ ಜಾಗದಿಂದ ತೆರಿಗೆ ಹುಟ್ಟುವುದಿಲ್ಲ ಎಂದು ಜಪಾನ್–ಅಮೆರಿಕ ತೆರಿಗೆ ಒಪ್ಪಂದದಲ್ಲೇ ಬರೆದಿದೆ. ಆದರೂ ಟೋಕಿಯೋದ ಜಿಲ್ಲಾ ನ್ಯಾಯಾಲಯ 2015ರ ಮೇ ತಿಂಗಳಲ್ಲಿ ಇಲಾಖೆಯ ಪರವಾಗಿ ತೀರ್ಪು ಕೊಟ್ಟಿತು. 2016ರ ಜನವರಿಯಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಮೈಸೂರಿನ ಊದುಬತ್ತಿ, ಚನ್ನಪಟ್ಟಣದ ಆಟಿಕೆ, ಚಿಕ್ಕಮಗಳೂರಿನ ಕಾಫಿಪುಡಿಯನ್ನು ಹೊರದೇಶದ ಮನೆಗಳಿಗೆ ನೇರವಾಗಿ ಮಾರಬೇಕೆಂದಿರುವ ಎಲ್ಲರೂ ಈ ತೀರ್ಪನ್ನು ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ವಿದೇಶಿ ಕಂಪನಿ ಎಂದ ಕೂಡಲೇ ನಮಗೆ ಗೂಗಲ್, ಅಮೆಜಾನ್ ನೆನಪಾಗುತ್ತವೆ. ಆದರೆ ಅಮೆರಿಕದ ಕಣ್ಣಿಗೆ ಮೈಸೂರಿನ ಊದುಬತ್ತಿ ಕಂಪನಿಯೂ ವಿದೇಶಿ ಕಂಪನಿಯೇ.

ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ವ್ಯಾಪಾರ ಮಾಡಿದರೆ ಲಾಭದ ಮೇಲೆ ತೆರಿಗೆ ಹಾಕುವ ಹಕ್ಕು ಯಾರದು? ಇದು ಇಂಟರ್‌ನೆಟ್ ಬರುವುದಕ್ಕೆ ಬಹಳ ಹಿಂದಿನ ಪ್ರಶ್ನೆ. ಪ್ರಶ್ಯ ಮತ್ತು ಆಸ್ಟ್ರಿಯಾ–ಹಂಗೇರಿ 1899ರಲ್ಲೇ ಈ ಬಗ್ಗೆ ಒಪ್ಪಂದ ಮಾಡಿಕೊಂಡಿದ್ದವು. ಅಲ್ಲಿಂದ ಬೆಳೆದುಬಂದ ಸೂತ್ರ ಇಂದು ಪ್ರಪಂಚದ ಬಹುತೇಕ ತೆರಿಗೆ ಒಪ್ಪಂದಗಳಲ್ಲಿದೆ. ಅದರ ಪ್ರಕಾರ ಕಂಪನಿಯ ಲಾಭದ ಮೇಲಿನ ತೆರಿಗೆ ಅದರ ತವರು ದೇಶಕ್ಕೆ ಸೇರಬೇಕು. ಆದರೆ ಇನ್ನೊಂದು ದೇಶದಲ್ಲಿ ಕಂಪನಿಗೆ 'ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್' ಇದ್ದರೆ, ಆ ನೆಲೆಯಿಂದ ಬಂದಷ್ಟು ಲಾಭದ ಮೇಲೆ ಆ ದೇಶವೂ ತೆರಿಗೆ ಹಾಕಬಹುದು. ಕನ್ನಡದಲ್ಲಿ ಇದನ್ನು ಕಾಯಂ ನೆಲೆ ಎನ್ನೋಣ. ಲೆಕ್ಕಪರಿಶೋಧಕರು ಚಿಕ್ಕದಾಗಿ ಪಿಇ ಅನ್ನುತ್ತಾರೆ.

ಸಂತೆಯ ದಿನ ಗಾಡಿಯಲ್ಲಿ ಬಂದು ಸಂಜೆಗೆ ಹೊರಟುಹೋಗುವ ಪರವೂರಿನ ವ್ಯಾಪಾರಿಗೂ, ಅದೇ ಊರಿನ ಪೇಟೆಬೀದಿಯಲ್ಲಿ ಮಳಿಗೆ ಹಿಡಿದು ಆಳು ಇಟ್ಟುಕೊಂಡವನಿಗೂ ಇರುವ ವ್ಯತ್ಯಾಸವೇ ಇದರ ತಿರುಳು. ಮೊದಲನೆಯವನು ಊರಿಗೆ ಮಾರುತ್ತಾನೆ, ಎರಡನೆಯವನು ಊರಿನಲ್ಲಿ ವ್ಯಾಪಾರ ಮಾಡುತ್ತಾನೆ.

ನೆಲೆ ಹುಟ್ಟುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಜಾಗ. ಕಚೇರಿ, ಕಾರ್ಖಾನೆ, ಮಳಿಗೆ, ಹೀಗೆ ಕಂಪನಿಯ ಕೈಯಲ್ಲಿರುವ ಸ್ಥಿರವಾದ ಒಂದು ಜಾಗದ ಮೂಲಕ ವ್ಯಾಪಾರ ನಡೆಯುತ್ತಿರಬೇಕು. ಜಾಗ ಸ್ವಂತದ್ದೇ ಆಗಬೇಕಿಲ್ಲ, ವರ್ಷಗಟ್ಟಲೆ ಇರಬೇಕೆಂದೂ ಇಲ್ಲ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಒನ್ ಕಾರು ರೇಸು ನಡೆಯುತ್ತಿದ್ದುದು ವರ್ಷಕ್ಕೆ ಒಂದೇ ವಾರಾಂತ್ಯ. ಆದರೂ ಆ ದಿನಗಳಲ್ಲಿ ಟ್ರ್ಯಾಕಿನ ಹಿಡಿತ ಪೂರ್ತಿಯಾಗಿ ಆ ವಿದೇಶಿ ಕಂಪನಿಯ ಕೈಯಲ್ಲಿತ್ತು, ಆದ್ದರಿಂದ ಅದಕ್ಕೆ ಭಾರತದಲ್ಲಿ ಕಾಯಂ ನೆಲೆ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹೆಸರಿನಲ್ಲಿ ಕಾಯಂ ಎಂದಿದ್ದರೂ ಕೋರ್ಟು ನೋಡುವುದು ಜಾಗ ಯಾರ ಹಿಡಿತದಲ್ಲಿತ್ತು, ಅಲ್ಲಿ ಯಾರ ವ್ಯಾಪಾರ ನಡೆಯಿತು ಎಂಬುದನ್ನು.

ಎರಡನೆಯದು ಜನ. ಕಂಪನಿಗೆ ಅಲ್ಲಿ ಜಾಗವೇ ಇಲ್ಲದಿದ್ದರೂ, ಅದರ ಪರವಾಗಿ ಅಲ್ಲಿ ಕುಳಿತು ವ್ಯವಹಾರ ಕುದುರಿಸುವ ಏಜೆಂಟ್ ಇದ್ದರೆ ನೆಲೆ ಹುಟ್ಟಬಹುದು. ಆ ಏಜೆಂಟ್ ತನ್ನದೇ ಸ್ವತಂತ್ರ ವ್ಯಾಪಾರ ನಡೆಸುವವನಾಗಿರಬಾರದು, ಕಂಪನಿಯನ್ನು ನೆಚ್ಚಿಕೊಂಡವನಾಗಿರಬೇಕು ಎಂಬುದು ಷರತ್ತು.

ಹಾಗಾದರೆ ವೆಬ್‌ಸೈಟ್? ಆನ್‌ಲೈನ್ ವ್ಯಾಪಾರ ಶುರುವಾದ ಕಾಲದಲ್ಲಿ ಎಲ್ಲರನ್ನೂ ಕಾಡಿದ ಪ್ರಶ್ನೆ ಇದು. ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ತನ್ನ ಮಾದರಿ ಒಪ್ಪಂದದ ವಿವರಣೆಗೆ 2003ರಲ್ಲಿ ಹೊಸ ಮಾತುಗಳನ್ನು ಸೇರಿಸಿತು. ವೆಬ್‌ಸೈಟ್ ಎಂದರೆ ತಂತ್ರಾಂಶ ಮತ್ತು ದತ್ತಾಂಶ. ಅದಕ್ಕೆ ನೆಲವಿಲ್ಲ, ಗೋಡೆಯಿಲ್ಲ, ಆದ್ದರಿಂದ ಅದೊಂದೇ ನೆಲೆಯಾಗದು. ಆದರೆ ಅದನ್ನು ನಡೆಸುವ ಸರ್ವರ್ ಒಂದು ಯಂತ್ರ, ಅದು ಎಲ್ಲೋ ಒಂದು ಕೋಣೆಯಲ್ಲಿ ಇರಲೇಬೇಕು. ಆ ಸರ್ವರ್ ಕಂಪನಿಯದೇ ಆಗಿದ್ದು, ವ್ಯಾಪಾರದ ಮುಖ್ಯ ಕೆಲಸ ಅದರ ಮೂಲಕವೇ ನಡೆಯುತ್ತಿದ್ದರೆ ಅದು ನೆಲೆಯಾಗಬಹುದು. ಬೇರೆಯವರ ಸರ್ವರಿನಲ್ಲಿ ಶುಲ್ಕ ಕೊಟ್ಟು ಜಾಗ ಪಡೆದಿದ್ದರೆ ಸಾಮಾನ್ಯವಾಗಿ ಆಗುವುದಿಲ್ಲ. ಭಾರತ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ, ಕೆಲವು ಸಂದರ್ಭಗಳಲ್ಲಿ ವೆಬ್‌ಸೈಟ್ ಕೂಡ ನೆಲೆಯಾಗಬಹುದು ಎಂದು ತನ್ನ ಭಿನ್ನಮತವನ್ನು ದಾಖಲಿಸಿತು. ಆದರೆ ಭಿನ್ನಮತ ದಾಖಲಿಸಿದ ಮಾತ್ರಕ್ಕೆ ಒಪ್ಪಂದದ ಪಠ್ಯ ಬದಲಾಗುವುದಿಲ್ಲವಲ್ಲ. ಕೋಲ್ಕತ್ತದ ಒಂದು ಹೂವಿನ ಅಂಗಡಿ ಗೂಗಲ್ ಮತ್ತು ಯಾಹೂಗಳಿಗೆ ಜಾಹೀರಾತಿನ ಹಣ ಕೊಟ್ಟಾಗ ಟಿಡಿಎಸ್ ಹಿಡಿಯಬೇಕಿತ್ತೇ ಎಂಬ ವ್ಯಾಜ್ಯದಲ್ಲಿ ಅಲ್ಲಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2013ರಲ್ಲಿ ಹೇಳಿದ್ದು ಇಷ್ಟು: ಸರ್ವರ್ ಭಾರತದಲ್ಲಿ ಇಲ್ಲದಿದ್ದರೆ ಬರೀ ವೆಬ್‌ಸೈಟಿನಿಂದ ಕಾಯಂ ನೆಲೆ ಹುಟ್ಟದು.

ಹೀಗಾಗಿ ಮೈಸೂರಿನಲ್ಲಿ ಕುಳಿತು, ವೆಬ್‌ಸೈಟಿನಲ್ಲಿ ಆರ್ಡರ್ ತೆಗೆದುಕೊಂಡು, ಮೈಸೂರಿನಿಂದಲೇ ಕೊರಿಯರ್ ಮಾಡುತ್ತಿರುವ ತನಕ ಲಾಭದ ಮೇಲಿನ ತೆರಿಗೆ ಭಾರತದ್ದೇ. ಒಂದು ಕೋಟಿಯ ಮಾಲು ಮಾರಿದರೂ ಅಷ್ಟೇ, ಹತ್ತು ಕೋಟಿಯ ಮಾಲು ಮಾರಿದರೂ ಅಷ್ಟೇ. ಹಳೆಯ ಸೂತ್ರದಲ್ಲಿ ಮಾರಾಟದ ಮೊತ್ತಕ್ಕೆ ಬೆಲೆಯೇ ಇಲ್ಲ.

ತೊಡಕು ಶುರುವಾಗುವುದು ಮಾಲು ಮುಂದೆ ಹೋಗಿ ಕುಳಿತಾಗ. ಕೊಳ್ಳುವವರಿಗೆ ಎರಡು ದಿನದಲ್ಲಿ ಪೆಟ್ಟಿಗೆ ಕೈಸೇರಬೇಕು, ಮೈಸೂರಿನಿಂದ ಒಂದೊಂದೇ ಕಳಿಸುತ್ತ ಕುಳಿತರೆ ಆಗದು. ಹಾಗಾಗಿ ಕಂಟೇನರಿನಲ್ಲಿ ಒಟ್ಟಿಗೆ ಸಾಗಿಸಿ ಅಲ್ಲಿನ ಗೋದಾಮಿನಲ್ಲಿ ಇಡುತ್ತಾರೆ. ಟೋಕಿಯೋದ ಪ್ರಕರಣ ಎದ್ದದ್ದೂ ಇದೇ ಜಾಗದಲ್ಲಿ.

ಗೋದಾಮಿಗೆ ವಿನಾಯಿತಿ ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ಹಳೆಯ ಕಾಲದ ವ್ಯಾಪಾರ. ಆಗ ವ್ಯಾಪಾರವೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವುದು. ಉಗ್ರಾಣ ಅದಕ್ಕೆ ಪೂರಕವಾದ ಒಂದು ಸೌಕರ್ಯ. ಪೂರ್ವತಯಾರಿಯ ಅಥವಾ ಪೂರಕವಾದ ಕೆಲಸಕ್ಕೆ ತೆರಿಗೆ ಹಾಕುವುದು ಬೇಡ ಎಂಬುದು ಅದರ ಹಿಂದಿನ ವಿಚಾರ. ಟೋಕಿಯೋದ ನ್ಯಾಯಾಲಯ ಈ ವಿಚಾರವನ್ನೇ ಹಿಡಿದು ಕೇಳಿತು: ಅಂಗಡಿಯೇ ಇಲ್ಲದ ವ್ಯಾಪಾರದಲ್ಲಿ ಪೂರಕ ಕೆಲಸ ಯಾವುದು? ಆನ್‌ಲೈನ್ ವ್ಯಾಪಾರಿಯನ್ನು ಗಿರಾಕಿ ನೋಡುವುದಿಲ್ಲ, ಮಾಲನ್ನು ಮುಟ್ಟಿ ನೋಡುವುದೂ ಇಲ್ಲ. ಅವನಿಗೆ ಬೇಕಾದದ್ದು ಸರಿಯಾದ ವಸ್ತು, ಸರಿಯಾದ ಸೂಚನೆಯೊಂದಿಗೆ, ಹೇಳಿದ ಸಮಯಕ್ಕೆ ಮನೆಬಾಗಿಲಿಗೆ ಬರುವುದು, ಸರಿಯಿಲ್ಲದಿದ್ದರೆ ವಾಪಸು ಹೋಗುವುದು. ಅವೆಲ್ಲವೂ ನಡೆಯುತ್ತಿದ್ದುದು ಆ ಅಪಾರ್ಟ್‌ಮೆಂಟ್ ಮತ್ತು ಗೋದಾಮಿನಲ್ಲಿ. ಆದ್ದರಿಂದ ಅದು ಈ ವ್ಯಾಪಾರದ ಪೂರಕ ಭಾಗವಲ್ಲ, ಮುಖ್ಯ ಭಾಗ ಎಂದಿತು ನ್ಯಾಯಾಲಯ. ಈ ತರ್ಕ ನನಗೆ ಸರಿಯಾಗಿಯೇ ಕಾಣುತ್ತದೆ.

ಸರಿಸುಮಾರು ಅದೇ ಹೊತ್ತಿಗೆ ಓಇಸಿಡಿಯೂ ಅದೇ ದಾರಿಗೆ ಬಂತು. 2017ರ ಮಾದರಿ ಒಪ್ಪಂದದಲ್ಲಿ, ಕೆಲಸ ನಿಜವಾಗಿಯೂ ಪೂರ್ವತಯಾರಿಯದ್ದೋ ಪೂರಕವಾದದ್ದೋ ಆಗಿದ್ದರೆ ಮಾತ್ರ ಗೋದಾಮಿಗೆ ವಿನಾಯಿತಿ ಎಂದು ಬಿಡಿಸಿ ಬರೆದರು. ವಿವರಣೆಯಲ್ಲಿ ಕೊಟ್ಟ ಉದಾಹರಣೆಯೂ ಆನ್‌ಲೈನ್ ಮಾರಾಟದ್ದೇ: ಆನ್‌ಲೈನಿನಲ್ಲಿ ಮಾರಿದ ಸರಕನ್ನು ಇಟ್ಟು ತಲುಪಿಸಲು ಬಹಳ ದೊಡ್ಡ ಗೋದಾಮು, ಅಲ್ಲಿ ತುಂಬ ಜನ ಕೆಲಸಗಾರರು ಇದ್ದರೆ ವಿನಾಯಿತಿ ಸಿಗದು. ಪ್ರತಿಯೊಂದು ಹಳೆಯ ಒಪ್ಪಂದವನ್ನೂ ಬೇರೆ ಬೇರೆಯಾಗಿ ತಿದ್ದುವ ಬದಲು, ಒಂದೇ ಸಲಕ್ಕೆ ಹಲವು ಒಪ್ಪಂದಗಳನ್ನು ಬದಲಿಸುವ ಬಹುಪಕ್ಷೀಯ ಒಡಂಬಡಿಕೆಯೂ ಬಂತು. ಭಾರತದ ಮಟ್ಟಿಗೆ ಅದು 2019ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಮೆರಿಕ ಅದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಭಾರತ–ಅಮೆರಿಕದ ನಡುವೆ ಇಂದಿಗೂ ನಡೆಯುತ್ತಿರುವುದು 1989ರಲ್ಲಿ ಸಹಿಯಾದ ಒಪ್ಪಂದವೇ.

ಆ ಒಪ್ಪಂದವನ್ನೇ ಇಟ್ಟುಕೊಂಡು ಮೈಸೂರಿನ ಊದುಬತ್ತಿಯ ಲೆಕ್ಕ ನೋಡೋಣ. ಇದು ನಾನು ಕಲ್ಪಿಸಿಕೊಂಡ ಕಂಪನಿ, ಅಂಕಿಗಳೂ ಸರಳವಾಗಿರಲೆಂದು ಇಟ್ಟುಕೊಂಡವು.

ಮೊದಲು ಗೋದಾಮಿನ ಮಾತು. ಆ ಒಪ್ಪಂದದ 5ನೆಯ ವಿಧಿಯಲ್ಲಿ ಸರಕನ್ನು ಇಡಲು, ಪ್ರದರ್ಶಿಸಲು, ಅಪರೂಪಕ್ಕೊಮ್ಮೆ ತಲುಪಿಸಲು ಮಾತ್ರ ಬಳಸುವ ಜಾಗಕ್ಕೆ ವಿನಾಯಿತಿ ಇದೆ. ಇಲ್ಲಿ 'ಅಪರೂಪಕ್ಕೊಮ್ಮೆ' ಎಂಬ ಷರತ್ತನ್ನು ಬಹಳ ಜನ ಗಮನಿಸುವುದಿಲ್ಲ. ಜಪಾನಿನ ಒಪ್ಪಂದದಲ್ಲಿ ಅದು ಇಲ್ಲ, ನಮ್ಮದರಲ್ಲಿ ಇದೆ. ಮೈಸೂರಿನ ಕಂಪನಿ ನ್ಯೂಜೆರ್ಸಿಯಲ್ಲಿ ತನ್ನ ಹೆಸರಿನಲ್ಲಿ ಶೆಡ್ ಬಾಡಿಗೆಗೆ ಹಿಡಿದು, ಇಬ್ಬರನ್ನು ಸಂಬಳಕ್ಕಿಟ್ಟು, ದಿನವೂ ಪೆಟ್ಟಿಗೆ ಕಳಿಸುತ್ತಿದ್ದರೆ ಅದು ಅಪರೂಪದ ವಿತರಣೆಯಲ್ಲ. ಕಾಯಂ ನೆಲೆ ಹುಟ್ಟಿತು ಎಂದೇ ತಿಳಿಯಬೇಕು.

ಅದೇ ಕಂಪನಿ ತನ್ನ ಮಾಲನ್ನು ಅಮೆಜಾನಿನಂಥ ಮಾರುಕಟ್ಟೆ ತಾಣದ ಗೋದಾಮಿಗೆ ಒಪ್ಪಿಸಿದರೆ? ಅಲ್ಲಿ ಮಾಲು ಯಾವ ಕಪಾಟಿನಲ್ಲಿದೆ ಎಂಬುದೂ ಮೈಸೂರಿನವರಿಗೆ ತಿಳಿಯದು. ಒಳಗೆ ಹೋಗುವ ಹಕ್ಕಿಲ್ಲ, ಇವತ್ತು ಇಲ್ಲಿದ್ದದ್ದನ್ನು ನಾಳೆ ಬೇರೆ ರಾಜ್ಯದ ಗೋದಾಮಿಗೆ ಸಾಗಿಸಿದರೂ ಯಾರೂ ಕೇಳುವುದಿಲ್ಲ. ಜಾಗ ಕಂಪನಿಯ ಕೈಯಲ್ಲಿಲ್ಲ, ಆದ್ದರಿಂದ ಜಾಗದ ಮೂಲಕ ನೆಲೆ ಹುಟ್ಟುವುದು ಕಷ್ಟ. ಓಇಸಿಡಿ ವಿವರಣೆಯೂ ಬೇರೆಯವರ ಸಾಗಣೆ ಗೋದಾಮಿನಲ್ಲಿ ಸರಕು ಇಟ್ಟ ಮಾತ್ರಕ್ಕೆ ಆ ಗೋದಾಮು ಸರಕಿನ ಒಡೆಯನ ನೆಲೆಯಾಗದು ಎನ್ನುತ್ತದೆ. ಹಾಗೆಂದು ಅದೇ ಗೋದಾಮಿನಲ್ಲಿ ಒಂದು ಭಾಗವನ್ನು ಬೇರ್ಪಡಿಸಿ, ಬೇಕೆಂದಾಗ ಒಳಹೋಗಿ ಮಾಲು ನೋಡಿಕೊಳ್ಳಲು ಕಂಪನಿಗೆ ಅವಕಾಶ ಕೊಟ್ಟಿದ್ದರೆ ಮಾತು ಬೇರೆ.

ಜಾಗ ಮುಗಿಯಿತು, ಇನ್ನು ಜನ. ಭಾರತ–ಅಮೆರಿಕ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ಕಂಪನಿಯ ಮಾಲನ್ನು ಯಾವಾಗಲೂ ದಾಸ್ತಾನು ಇಟ್ಟುಕೊಂಡು, ಅದರ ಪರವಾಗಿ ನಿಯಮಿತವಾಗಿ ತಲುಪಿಸುವ ಏಜೆಂಟ್ ಇದ್ದು, ಮಾರಾಟಕ್ಕೆ ನೆರವಾಗುವ ಬೇರೆ ಕೆಲಸವೂ ಅಲ್ಲಿ ನಡೆದಿದ್ದರೆ ನೆಲೆ ಹುಟ್ಟುತ್ತದೆ. ಆದರೆ ಸ್ವತಂತ್ರ ಏಜೆಂಟನಿಗೆ ಇದು ಅನ್ವಯಿಸುವುದಿಲ್ಲ. ಲಕ್ಷಾಂತರ ವ್ಯಾಪಾರಿಗಳ ಮಾಲು ಇಟ್ಟುಕೊಳ್ಳುವ ದೊಡ್ಡ ತಾಣವನ್ನು ಮೈಸೂರಿನ ಒಂದು ಕಂಪನಿಯ ಅವಲಂಬಿತ ಏಜೆಂಟ್ ಎನ್ನಲಾಗದು. ಎಡಿಸನ್‌ನಲ್ಲಿರುವ ಭಾವಮೈದುನ ತನ್ನ ಗ್ಯಾರೇಜಿನಲ್ಲಿ ಪೆಟ್ಟಿಗೆಗಳನ್ನು ಇಟ್ಟುಕೊಂಡು, ದೇವಸ್ಥಾನಗಳಿಗೆ ಮತ್ತು ಭಾರತೀಯ ಕಿರಾಣಿ ಅಂಗಡಿಗಳಿಗೆ ಫೋನು ಮಾಡಿ ಆರ್ಡರ್ ಹಿಡಿದು, ದಿನವೂ ಸಂಜೆ ಪಾರ್ಸೆಲ್ ಕಳಿಸುತ್ತಿದ್ದರೆ ಅವನನ್ನು ಸ್ವತಂತ್ರ ಏಜೆಂಟ್ ಎನ್ನುವುದು ಕಷ್ಟ. ಅವನು ಬೇರೆ ಯಾರಿಗೂ ಈ ಕೆಲಸ ಮಾಡುತ್ತಿಲ್ಲ. ನಮ್ಮ ಸಣ್ಣ ವ್ಯಾಪಾರಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ದೊಡ್ಡ ತಾಣದ ಶುಲ್ಕ ದುಬಾರಿ ಎಂದು ನೆಂಟರ ಗ್ಯಾರೇಜು ಹುಡುಕುತ್ತಾರೆ. ತೆರಿಗೆಯ ದೃಷ್ಟಿಯಿಂದ ಆ ಗ್ಯಾರೇಜೇ ಹೆಚ್ಚು ಅಪಾಯದ್ದು.

ಈಗ ಲೆಕ್ಕ. ನ್ಯೂಜೆರ್ಸಿಯ ಶೆಡ್ಡಿನ ಮೂಲಕ ವರ್ಷಕ್ಕೆ 5 ಕೋಟಿ ರೂಪಾಯಿಯ ಮಾರಾಟವಾಯಿತು ಎಂದಿಟ್ಟುಕೊಳ್ಳಿ. ಕಾಯಂ ನೆಲೆ ಇದೆ ಎಂದ ಮಾತ್ರಕ್ಕೆ ಕಂಪನಿಯ ಎಲ್ಲ ಲಾಭವೂ ಅಮೆರಿಕದ ಪಾಲಾಗುವುದಿಲ್ಲ. ಆ ಶೆಡ್ಡು ಪ್ರತ್ಯೇಕವಾದ, ಸ್ವತಂತ್ರವಾದ ವ್ಯಾಪಾರವಾಗಿದ್ದರೆ ಎಷ್ಟು ಸಂಪಾದಿಸುತ್ತಿತ್ತೋ ಅಷ್ಟನ್ನು ಮಾತ್ರ ಅದರ ಲಾಭವೆಂದು ತಿಳಿಯಬೇಕು ಎಂಬುದು ಒಪ್ಪಂದದ ನಿಯಮ. ಬೇರೊಬ್ಬ ಸಗಟು ವ್ಯಾಪಾರಿಗೆ ಮಾರಿದ್ದರೆ ಮೈಸೂರಿನ ಕಂಪನಿ ಕೇಳುತ್ತಿದ್ದ ಬೆಲೆ, ಸಾಗಣೆ, ಸುಂಕ ಸೇರಿ ಸರಕಿನ ಅಸಲು ಎರಡೂವರೆ ಕೋಟಿ. ಶೆಡ್ಡಿನ ಬಾಡಿಗೆ, ಸಂಬಳ, ಜಾಹೀರಾತು, ಮನೆಮನೆಗೆ ತಲುಪಿಸುವ ಖರ್ಚು 2 ಕೋಟಿ 10 ಲಕ್ಷ. ಉಳಿದದ್ದು 40 ಲಕ್ಷ. ಅಮೆರಿಕದ ಕೇಂದ್ರ ಸರ್ಕಾರದ ಕಂಪನಿ ತೆರಿಗೆ ಶೇ 21, ಅಂದರೆ 8 ಲಕ್ಷ 40 ಸಾವಿರ. ಆ ಲಾಭವನ್ನು ಅಲ್ಲೇ ತೊಡಗಿಸದೆ ತವರಿಗೆ ತಂದರೆ, ಶಾಖೆಯ ಲಾಭದ ಮೇಲೆ ಇನ್ನೊಂದು ತೆರಿಗೆ ಇದೆ. ಭಾರತದೊಂದಿಗಿನ ಒಪ್ಪಂದದಲ್ಲಿ ಅದರ ಮಿತಿ ಶೇ 15. ರಾಜ್ಯಗಳ ಆದಾಯ ತೆರಿಗೆ ಇವೆರಡಕ್ಕೂ ಹೊರತು, ಅವು ಸಾಮಾನ್ಯವಾಗಿ ಈ ಒಪ್ಪಂದಕ್ಕೆ ಕಟ್ಟುಬಿದ್ದಿಲ್ಲ.

ಅದೇ 40 ಲಕ್ಷ ಭಾರತದಲ್ಲೂ ಕಂಪನಿಯ ಆದಾಯವೇ. ಕಡಿಮೆ ದರದ ಪದ್ಧತಿ ಆಯ್ದುಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ಇಲ್ಲಿ ಸುಮಾರು ಶೇ 25.17, ಅಂದರೆ 10 ಲಕ್ಷಕ್ಕೆ ತುಸು ಹೆಚ್ಚು ತೆರಿಗೆ ಬರುತ್ತದೆ. ಅಮೆರಿಕದಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳಬಹುದು. ಆದರೆ ಇಲ್ಲಿ ಬರುವ ತೆರಿಗೆಯಷ್ಟೇ ಆ ಜಮೆಯ ಗರಿಷ್ಠ ಮಿತಿ. ಅಲ್ಲಿ ಅದಕ್ಕಿಂತ ಹೆಚ್ಚು ಕಟ್ಟಿದ್ದರೆ ಆ ಹೆಚ್ಚುವರಿ ಕೈಬಿಟ್ಟಂತೆ. ಇಲ್ಲಿಯವರೆಗೆ ನೋಡಿದರೆ ಕಾಯಂ ನೆಲೆ ಎಂಬುದು ಭಾರವೇ ಹೊರತು ಕಂಪನಿಯನ್ನು ಮುಳುಗಿಸುವಂಥದ್ದಲ್ಲ.

ಮುಳುಗಿಸುವುದು ರಿಟರ್ನ್ಸ್ ಸಲ್ಲಿಸದಿರುವುದು. ವಿದೇಶಿ ಕಂಪನಿ ಅಮೆರಿಕದಲ್ಲಿ 1120-ಎಫ್ ಎಂಬ ನಮೂನೆಯಲ್ಲಿ ರಿಟರ್ನ್ಸ್ ಸಲ್ಲಿಸಬೇಕು. ಗಡುವು ದಾಟಿ 18 ತಿಂಗಳಾದರೂ ಸಲ್ಲಿಸದಿದ್ದರೆ, ಖರ್ಚುಗಳನ್ನು ಕಳೆಯುವ ಹಕ್ಕನ್ನೇ ಆ ದೇಶದ ಕಾನೂನು ಕಸಿದುಕೊಳ್ಳುತ್ತದೆ. ಸರಕಿನ ಅಸಲನ್ನು ಮಾತ್ರ ಕಳೆಯಬಹುದು. ಬಾಡಿಗೆ, ಸಂಬಳ, ಜಾಹೀರಾತು ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಊದುಬತ್ತಿ ಕಂಪನಿಯ ತೆರಿಗೆ ಆಗ 40 ಲಕ್ಷದ ಮೇಲಲ್ಲ, ಎರಡೂವರೆ ಕೋಟಿಯ ಮೇಲೆ. ಶೇ 21ರಂತೆ ಐವತ್ತೆರಡೂವರೆ ಲಕ್ಷ. ಬಂದ ಲಾಭಕ್ಕಿಂತ ಕಟ್ಟಬೇಕಾದ ತೆರಿಗೆಯೇ ಹೆಚ್ಚು, ಬಡ್ಡಿ ದಂಡ ಬೇರೆ. ಭಾರತದಲ್ಲಿ ಸಿಗುವ ಜಮೆ ಹತ್ತು ಲಕ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ.

ನಮಗೆ ಅಲ್ಲಿ ನೆಲೆಯಿಲ್ಲ ಎಂದು ನಂಬಿದವರಿಗೂ ಇದರಿಂದ ಪಾರಾಗುವ ದಾರಿಯನ್ನು ಅದೇ ಕಾನೂನು ಕೊಟ್ಟಿದೆ. ಅದೇ ನಮೂನೆಯಲ್ಲಿ ಮುಂಜಾಗ್ರತೆಯ ರಿಟರ್ನ್ಸ್ ಎಂಬ ಚೌಕಕ್ಕೆ ಗುರುತು ಹಾಕಿ ಸಕಾಲಕ್ಕೆ ಸಲ್ಲಿಸಿದರೆ ತೆರಿಗೆ ಕಟ್ಟಬೇಕಿಲ್ಲ. ಮುಂದೆಂದೋ ನೆಲೆ ಇತ್ತೆಂದು ತೀರ್ಮಾನವಾದರೂ ಖರ್ಚು ಕಳೆಯುವ ಹಕ್ಕು ಉಳಿಯುತ್ತದೆ. ಇಷ್ಟು ದೊಡ್ಡ ರಕ್ಷಣೆ ಕೆಲವು ಪುಟಗಳ ಒಂದು ನಮೂನೆಯಲ್ಲಿದೆ ಎಂಬುದು ನಮ್ಮ ರಫ್ತುದಾರರಲ್ಲಿ ಹಲವರಿಗೆ ತಿಳಿಯದಿರುವುದು ಬೇಸರದ ಸಂಗತಿ.

ಇಲ್ಲಿ ಒಂದು ಗೊಂದಲವನ್ನೂ ನಿವಾರಿಸಿಕೊಳ್ಳಬೇಕು. ಅಮೆರಿಕದ ರಾಜ್ಯಗಳ ಮಾರಾಟ ತೆರಿಗೆ, ಯುರೋಪಿನ ವ್ಯಾಟ್, ನಮ್ಮ ಜಿಎಸ್‌ಟಿ ಇವು ಬೇರೆಯೇ ಜಾತಿಯವು. ಇವು ಕೊಳ್ಳುವವನಿಂದ ವಸೂಲಾಗುವ ತೆರಿಗೆಗಳು, ಇವುಗಳಿಗೆ ಕಾಯಂ ನೆಲೆ ಇರಲೇಬೇಕೆಂದಿಲ್ಲ. ಮಾರಾಟ ಒಂದು ಮಿತಿ ದಾಟಿದರೆ ಹೊರರಾಜ್ಯದ ವ್ಯಾಪಾರಿಯಿಂದಲೂ ಮಾರಾಟ ತೆರಿಗೆ ಕೇಳಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ವೇಫೇರ್ ಪ್ರಕರಣದಲ್ಲಿ ಹೇಳಿದೆ. ಮಾರಾಟ ತೆರಿಗೆಯನ್ನು ತಾಣವೇ ಕಟ್ಟುತ್ತಿದೆ, ಇನ್ನೇನೂ ಬಾಕಿಯಿಲ್ಲ ಎಂದುಕೊಂಡರೆ ಆದಾಯ ತೆರಿಗೆಯ ಪ್ರಶ್ನೆ ಹಾಗೇ ಉಳಿದಿರುತ್ತದೆ.

ಏಜೆಂಟಿನ ವಿಚಾರದಲ್ಲಿ ದೊಡ್ಡ ಕಂಪನಿಗಳ ಕಥೆಯೂ ತಿಳಿಯಬೇಕಾದದ್ದು. ಸ್ವಿಟ್ಜರ್‌ಲೆಂಡಿನ ಇ-ಬೇ ಕಂಪನಿ ಭಾರತಕ್ಕಾಗಿ ವೆಬ್‌ಸೈಟ್ ನಡೆಸುತ್ತಿತ್ತು. ಭಾರತದಲ್ಲಿದ್ದ ಅದರ ಸೋದರ ಕಂಪನಿಗಳು ಪ್ರಚಾರ ಮಾಡಿ, ಹಣ ವಸೂಲು ಮಾಡಿ ಕಳಿಸುತ್ತಿದ್ದವು. ಅವು ಅವಲಂಬಿತ ಏಜೆಂಟರೇನೋ ಹೌದು, ಆದರೆ ಇ-ಬೇ ಪರವಾಗಿ ಕರಾರು ಮಾಡಿಕೊಳ್ಳಲಿಲ್ಲ, ಅದರ ಸರಕು ದಾಸ್ತಾನು ಇಡಲಿಲ್ಲ, ಆದ್ದರಿಂದ ಕಾಯಂ ನೆಲೆಯಿಲ್ಲ ಎಂದು ಮುಂಬೈಯ ನ್ಯಾಯಮಂಡಳಿ 2012ರಲ್ಲಿ ಹೇಳಿತು. ಕರಾರಿಗೆ ಅಂತಿಮ ಸಹಿ ಹಾಕುವವರು ಹೊರದೇಶದಲ್ಲಿದ್ದರೆ ಸಾಕು, ತೆರಿಗೆ ಹುಟ್ಟುವುದಿಲ್ಲ ಎಂಬುದು ಆ ಕಾಲದ ದೊಡ್ಡ ಕಂಪನಿಗಳ ಲೆಕ್ಕಾಚಾರವಾಗಿತ್ತು.

ಆ ಲೆಕ್ಕಾಚಾರಕ್ಕೆ ಫ್ರಾನ್ಸ್ ಪೆಟ್ಟು ಕೊಟ್ಟಿತು. ಆನ್‌ಲೈನ್ ಜಾಹೀರಾತಿನ ವ್ಯಾಲ್ಯೂಕ್ಲಿಕ್ ಎಂಬ ಐರ್ಲೆಂಡಿನ ಕಂಪನಿಗೆ ಫ್ರಾನ್ಸಿನಲ್ಲಿ ಸೋದರ ಕಂಪನಿ ಇತ್ತು. ಗಿರಾಕಿಯ ಜೊತೆ ಮಾತಾಡಿ, ಷರತ್ತು ನಿಗದಿ ಮಾಡಿ, ವ್ಯವಹಾರ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದುದು ಫ್ರಾನ್ಸಿನ ಸಿಬ್ಬಂದಿ. ಐರ್ಲೆಂಡಿನಿಂದ ಸಹಿ ಬರುತ್ತಿತ್ತು, ಆದರೆ ಅದು ಬರೀ ಶಾಸ್ತ್ರಕ್ಕೆ. ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ, ತೀರ್ಮಾನ ಎಲ್ಲಿ ಆಗುತ್ತದೋ ಅಲ್ಲೇ ನೆಲೆ ಎಂದಿತು. ಬಹುಪಕ್ಷೀಯ ಒಡಂಬಡಿಕೆಯಲ್ಲೂ ಇದೇ ಮಾತಿದೆ: ಕರಾರು ಆಗಲು ಮುಖ್ಯ ಪಾತ್ರ ವಹಿಸುವವನಿಂದಲೂ, ಕಂಪನಿ ಅದನ್ನು ಬದಲಾವಣೆಯಿಲ್ಲದೆ ಒಪ್ಪುವುದು ವಾಡಿಕೆಯಾಗಿದ್ದರೆ, ನೆಲೆ ಹುಟ್ಟುತ್ತದೆ.

ಇಷ್ಟಾದರೂ ಜಾಗವೂ ಇಲ್ಲದೆ, ಜನರೂ ಇಲ್ಲದೆ, ಕೋಟ್ಯಂತರ ಬಳಕೆದಾರರಿಂದ ಹಣ ಗಳಿಸುವ ಕಂಪನಿಗಳು ಹಳೆಯ ಸೂತ್ರಕ್ಕೆ ಸಿಗುವುದಿಲ್ಲ. ಭಾರತ ಇದಕ್ಕೆ ಎರಡು ಉಪಾಯ ಮಾಡಿತು. ಒಂದು, ಈಕ್ವಲೈಸೇಷನ್ ಲೆವಿ. 2016ರಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ ಶೇ 6, 2020ರಲ್ಲಿ ವಿದೇಶಿ ಇ-ವಾಣಿಜ್ಯ ಕಂಪನಿಗಳ ಮೇಲೆ ಶೇ 2. ಅಮೆರಿಕ ಇದನ್ನು ಬಲವಾಗಿ ವಿರೋಧಿಸಿತು. ಶೇ 2ರದ್ದನ್ನು 2024ರ ಆಗಸ್ಟ್ 1ರಿಂದ, ಶೇ 6ರದ್ದನ್ನು 2025ರ ಏಪ್ರಿಲ್ 1ರಿಂದ ಭಾರತವೇ ಕೈಬಿಟ್ಟಿತು.

ಎರಡನೆಯದು ಇನ್ನೂ ಉಳಿದಿದೆ. 'ಗಣನೀಯ ಆರ್ಥಿಕ ಉಪಸ್ಥಿತಿ' ಎಂಬ ಪರಿಕಲ್ಪನೆಯನ್ನು 2018ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದರು, 2021ರಲ್ಲಿ ಮಿತಿಗಳನ್ನು ಗೊತ್ತುಪಡಿಸಿದರು. ವಿದೇಶಿ ಕಂಪನಿ ಭಾರತದಲ್ಲಿರುವವರ ಜೊತೆ ವರ್ಷಕ್ಕೆ 2 ಕೋಟಿ ರೂಪಾಯಿಗಿಂತ ಹೆಚ್ಚಿನ ವ್ಯವಹಾರ ಮಾಡಿದರೆ, ಇಲ್ಲವೇ ಇಲ್ಲಿನ 3 ಲಕ್ಷ ಬಳಕೆದಾರರೊಂದಿಗೆ ನಿರಂತರವಾಗಿ ವ್ಯವಹರಿಸಿದರೆ, ಜಾಗವೂ ಜನವೂ ಇಲ್ಲದಿದ್ದರೂ ಅದಕ್ಕೆ ಇಲ್ಲಿ ತೆರಿಗೆಯ ನಂಟು ಉಂಟಾಗುತ್ತದೆ. ಹಳೆಯ ಸೂತ್ರದಲ್ಲಿ ಬೆಲೆಯಿಲ್ಲದಿದ್ದ ಮಾರಾಟದ ಮೊತ್ತಕ್ಕೆ ಇಲ್ಲಿ ಮೊದಲ ಸಲ ಬೆಲೆ ಬಂತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಇದನ್ನು ಉಳಿಸಿಕೊಂಡಿದ್ದಾರೆ.

ಆದರೆ ಇದರ ಹಲ್ಲು ನಾವಂದುಕೊಂಡಷ್ಟು ಹರಿತವಲ್ಲ. ದೇಶದ ಕಾನೂನು ಮತ್ತು ತೆರಿಗೆ ಒಪ್ಪಂದ ಇವೆರಡರಲ್ಲಿ ತನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವ ಹಕ್ಕನ್ನು ನಮ್ಮ ಕಾನೂನೇ ತೆರಿಗೆದಾರನಿಗೆ ಕೊಟ್ಟಿದೆ. ಅಮೆರಿಕ, ಸಿಂಗಪುರ, ಐರ್ಲೆಂಡ್, ನೆದರ್‌ಲೆಂಡ್ಸ್ ಎಲ್ಲದರ ಜೊತೆಯೂ ನಮಗೆ ಒಪ್ಪಂದವಿದೆ, ಆ ಒಪ್ಪಂದಗಳಲ್ಲಿ ಹಳೆಯ ಕಾಯಂ ನೆಲೆಯ ಸೂತ್ರವೇ ಇದೆ. ಅಲ್ಲಿನ ಕಂಪನಿ ತನ್ನ ದೇಶದ ನಿವಾಸಿ ಪ್ರಮಾಣಪತ್ರ ತೋರಿಸಿ ಒಪ್ಪಂದದ ಮೊರೆಹೋದರೆ 2 ಕೋಟಿಯ ಮಿತಿ ಅದನ್ನು ಮುಟ್ಟದು. ಕೇಮನ್ ದ್ವೀಪಗಳಂತೆ ಅಂಥ ಒಪ್ಪಂದವಿಲ್ಲದ ಕಡೆಯಿಂದ ಮಾರುವವರಿಗೆ ಮಾತ್ರ ಅದು ನೇರವಾಗಿ ತಟ್ಟುತ್ತದೆ. ದೊಡ್ಡ ಕಂಪನಿಗಳ ಲಾಭದಲ್ಲಿ ಗಿರಾಕಿಗಳಿರುವ ದೇಶಗಳಿಗೂ ಪಾಲು ಕೊಡಲು 130ಕ್ಕೂ ಹೆಚ್ಚು ದೇಶಗಳು 2021ರ ಅಕ್ಟೋಬರಿನಲ್ಲಿ ತಾತ್ವಿಕವಾಗಿ ಒಪ್ಪಿದ್ದವು. ಆ ಪಾಲಿನ ಒಡಂಬಡಿಕೆ ಜಾರಿಗೆ ಬರಲಿಲ್ಲ. ಗಿರಾಕಿಗಳನ್ನು ಒದಗಿಸುವ ಭಾರತದಂಥ ದೇಶಕ್ಕೆ ಇದು ಅನ್ಯಾಯ ಎಂದೇ ನನ್ನ ಅನಿಸಿಕೆ.

ಅಲ್ಲಿಯತನಕ ಸಣ್ಣ ವ್ಯಾಪಾರಿಗೆ ಜಾಗ ಮತ್ತು ಜನರ ಹಳೆಯ ಸೂತ್ರವೇ ಗತಿ. ಹೊರದೇಶಕ್ಕೆ ಮಾಲು ಕಳಿಸಿ ದಾಸ್ತಾನು ಇಡುವ ಯೋಚನೆ ನಿಮಗಿದ್ದರೆ, ಮೊದಲ ಕಂಟೇನರ್ ಹಡಗು ಹತ್ತುವ ಮೊದಲೇ ಗೋದಾಮಿನ ಕರಾರು ಪತ್ರವನ್ನು ನಿಮ್ಮ ಲೆಕ್ಕಪರಿಶೋಧಕರ ಮುಂದಿಡಿ. ಬಾಡಿಗೆ ಯಾರ ಹೆಸರಿನಲ್ಲಿದೆ, ಒಳಗೆ ಹೋಗುವ ಹಕ್ಕು ಯಾರಿಗಿದೆ, ಪೆಟ್ಟಿಗೆ ಕಟ್ಟುವವರು ಯಾರ ಸಂಬಳದಲ್ಲಿದ್ದಾರೆ, ಅಲ್ಲಿ ಆರ್ಡರ್ ಹಿಡಿಯುವವರು ನಿಮಗೆ ಮಾತ್ರ ಕೆಲಸ ಮಾಡುತ್ತಾರೋ ಇತರರಿಗೂ ಮಾಡುತ್ತಾರೋ ಎಂಬುದನ್ನು ಬರೆದು ಕೊಡಿ. ಆ ದೇಶದ ಜೊತೆ ನಮಗಿರುವ ಒಪ್ಪಂದದ 5ನೆಯ ವಿಧಿಯನ್ನು ಅವರ ಜೊತೆ ಕುಳಿತು ಓದಿ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಭಾರತ ಮಾಡಿಕೊಂಡ ತೆರಿಗೆ ಒಪ್ಪಂದಗಳ ಪಠ್ಯ ಯಾರು ಬೇಕಾದರೂ ಓದುವಂತೆ ಸಿಗುತ್ತದೆ.